ಚಂಡೆಯ ಪೆಟ್ಟು, ಅರ್ಥದ ಮಾತು, ಮಳೆಯ ಸದ್ದು

ಮಳೆ ಹಿಡಿಯುವ ಹೊತ್ತಿಗೆ ಬಯಲಾಟದ ಮೇಳಗಳು ತಿರುಗಾಟ ಮುಗಿಸಿರುತ್ತವೆ. ಅಲ್ಲಿಂದ ಮುಂದೆ ತಾಳಮದ್ದಲೆಯ ಕಾಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ದೇವಸ್ಥಾನದ ಪೌಳಿ, ಊರಿನ ಸಭಾಭವನ, ದೊಡ್ಡ ಮನೆಯ ಜಗಲಿ, ಎಲ್ಲಿ ಮಾಡು ಗಟ್ಟಿಯಾಗಿದೆಯೋ ಅಲ್ಲಿ ಭಾಗವತರು, ಮದ್ದಲೆ, ಚಂಡೆ, ಎದುರುಬದುರು ಅರ್ಥಧಾರಿಗಳು ಕೂರುತ್ತಾರೆ. ಈಗ ಅವರ ಮುಂದೆ ಒಂದು ರೆಕಾರ್ಡರ್ ಕೂಡ ಕೂತಿರುತ್ತದೆ. ಮಾರನೆಯ ದಿನವೇ ಪ್ರಸಂಗ ಫೋನಿನಿಂದ ಫೋನಿಗೆ ಹೋಗುತ್ತದೆ. ಎರಡು ದಿನ ಕಳೆದ ಮೇಲೆ ಬರುವ ದೂರೂ ಸಾಮಾನ್ಯವಾಗಿ ಒಂದೇ: "ಪದ್ಯ ಬಂದ್ರೆ ಕಿವಿ ಕಚ್ತದೆ ಮಾರಾಯ್ರೆ, ಅರ್ಥ ಬಂದ್ರೆ ಒಂದಕ್ಷರ ಕೇಳೂದಿಲ್ಲ."

ಈ ದೂರನ್ನು ಪರಿಹರಿಸುವ ಕೆಲಸಕ್ಕೆ ಮಾಸ್ಟರಿಂಗ್ ಎನ್ನುತ್ತಾರೆ. ಹಾಡು, ವಾದ್ಯ, ಮಾತು ಎಲ್ಲ ಬೆರೆತು ಎಡ-ಬಲ ಎರಡೇ ಚಾನೆಲ್ಲಿನ ಒಂದು ಫೈಲಾದ ಮೇಲೆ, ಅದು ಯಾವ ಸ್ಪೀಕರಿನಲ್ಲಿ ಕೇಳಿದರೂ ಅರ್ಥವಾಗುವಂತೆ, ಎಲ್ಲೂ ಒಡೆಯದಂತೆ ಮಾಡುವ ಕೊನೆಯ ಹಂತ ಅದು. ಸಿನಿಮಾ ಹಾಡಿಗೆ ಇದಕ್ಕೆ ದೊಡ್ಡ ಸ್ಟುಡಿಯೋಗಳಿವೆ. ತಾಳಮದ್ದಲೆಗೆ ಒಂದು ಲ್ಯಾಪ್‌ಟಾಪು, ಎರಡು ಸಲಕರಣೆ ಸಾಕು: ಬೇರೆಬೇರೆ ಸ್ವರಗಳ ಜೋರನ್ನು ಬೇರೆಬೇರೆಯಾಗಿ ತಿದ್ದುವ ಇಕ್ವಲೈಸರ್, ಶಿಖರಗಳನ್ನು ತಡೆಯುವ ಲಿಮಿಟರ್. ಇವೆರಡನ್ನೂ ಬಳಸುವವರು ಬಹಳ ಮಂದಿ ಇದ್ದಾರೆ. ಆದರೆ ಲಿಮಿಟರಿನಿಂದ ಆಗದ ಕೆಲಸವನ್ನು ಅದರಿಂದ ಮಾಡಿಸಲು ಹೋಗಿ ಚಂಡೆಯನ್ನು ಸಾಯಿಸುವವರೂ ಅಷ್ಟೇ ಇದ್ದಾರೆ. ನಾನು ಹೇಳಬೇಕೆಂದಿರುವುದು ಆ ಬಗ್ಗೆ.

ಮೊದಲು ಅಳೆಯೋಣ. ಇಪ್ಪತ್ತು ನಿಮಿಷದ ಒಂದು ತುಣುಕು ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧ ಪದ್ಯ, ಅರ್ಧ ಅರ್ಥ. ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದನ್ನು ಇಂದಿನ ಮೀಟರುಗಳು LUFS ಎಂಬ ಮಾನದಲ್ಲಿ ತೋರಿಸುತ್ತವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಇದರ ಅಳತೆಯ ಕ್ರಮವನ್ನು ಗೊತ್ತುಮಾಡಿತು. ಸೊನ್ನೆಗೆ ಹತ್ತಿರವಾದಷ್ಟೂ ಜೋರು, ಮೈನಸ್ ಹೆಚ್ಚಾದಷ್ಟೂ ಮೆಲ್ಲಗೆ. ಒಂದು ಅಂಕ ಅಂದರೆ ಒಂದು ಡೆಸಿಬಲ್. ಫೈಲನ್ನು ಅಳೆಯಲು ಹಣ ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ಉಚಿತವಾಗಿ ಸಿಗುವ ffmpeg ಇದ್ದರೆ ಈ ಒಂದು ಸಾಲು ಸಾಕು:

```
ffmpeg -i padya.wav -af ebur128=peak=true -f null -
```

ಕೊನೆಯಲ್ಲಿ ಬರುವ ಸಾರಾಂಶದಲ್ಲಿ I ಎಂಬುದು ಇಡೀ ಫೈಲಿನ ಸರಾಸರಿ ಜೋರು, Peak ಎಂಬುದು ಅತಿ ಎತ್ತರದ ಶಿಖರ. ನಮ್ಮ ತುಣುಕಿನಲ್ಲಿ ಪದ್ಯದ ಭಾಗ ಮೈನಸ್ 20, ಅರ್ಥದ ಭಾಗ ಮೈನಸ್ 28, ಚಂಡೆಯ ಶಿಖರ ಮೈನಸ್ 3 ಎಂದಿರಲಿ. ಒಂದೇ ಕೋಣೆಯಲ್ಲಿ ಒಂದೇ ಜೋಡಿ ಮೈಕಿನಲ್ಲಿ ಹಿಡಿದ ರೆಕಾರ್ಡಿಂಗಿಗೆ ಇವು ಅಸಹಜ ಅಂಕಿಗಳಲ್ಲ. ಎರಡರ ಸರಾಸರಿ ಮೈನಸ್ 24 ಬರುತ್ತದೆ ಎಂದು ಅನ್ನಿಸಬಹುದು. ಬರುವುದು ಮೈನಸ್ 22.4. ಈ ಸರಾಸರಿ ಶಕ್ತಿಯ ಲೆಕ್ಕದ್ದಾದ್ದರಿಂದ ಜೋರಾದ ಭಾಗದ ಕಡೆಗೇ ವಾಲುತ್ತದೆ. ಆದ್ದರಿಂದ ಆ ಒಂದು ಅಂಕಿ ಮಾತ್ರ ನೋಡಿದರೆ ಅರ್ಥಧಾರಿಯ ಮಾತು ಎಷ್ಟು ಕೆಳಗಿದೆ ಎಂಬುದು ತಿಳಿಯುವುದಿಲ್ಲ. ಎರಡು ಭಾಗಗಳನ್ನು ಬೇರೆಬೇರೆಯಾಗಿಯೇ ಅಳೆಯಬೇಕು.

ಎಂಟು ಡೆಸಿಬಲ್ ಅಂತರ ದೊಡ್ಡದು. ಸಭೆಯಲ್ಲಿ ಕೂತವನಿಗೆ ಅದು ತೊಂದರೆಯಲ್ಲ. ಅರ್ಥಧಾರಿಯ ಮುಖ ಕಾಣುತ್ತದೆ, ಸಭೆ ಮೌನವಾಗಿರುತ್ತದೆ, ಕಿವಿ ತಾನೇ ಹೊಂದಿಕೊಳ್ಳುತ್ತದೆ. ಬಸ್ಸಿನಲ್ಲಿ ಕೂತು ಕೇಳುವವನಿಗೆ ಮಾತು ಎಂಜಿನ್ನಿನ ಸದ್ದಿನಲ್ಲಿ ಮುಳುಗುತ್ತದೆ. ಅವನು ವಾಲ್ಯೂಮ್ ಏರಿಸುತ್ತಾನೆ, ಅಷ್ಟರಲ್ಲಿ ಮುಂದಿನ ಪದ್ಯಕ್ಕೆ ಚಂಡೆ ಬೀಳುತ್ತದೆ.

ಇಲ್ಲಿ ಅನೇಕರು ಲಿಮಿಟರಿಗೆ ಕೈ ಹಾಕುತ್ತಾರೆ. ಒಟ್ಟು ಸದ್ದನ್ನು ಏರಿಸುತ್ತ ಹೋದರೆ ಮೇಲಿನದ್ದು ತಡೆಗೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ, ಕೆಳಗಿನದ್ದು ಮೇಲೆ ಬರುತ್ತದೆ, ಎರಡೂ ಸಮವಾಗುತ್ತವೆ ಎಂಬುದು ಅವರ ಲೆಕ್ಕ. ಆದರೆ ಲಿಮಿಟರ್ ನೋಡುವುದು ಶಿಖರವನ್ನು ಮಾತ್ರ. ಚಂಡೆಯ ಪೆಟ್ಟಿನ ಶಿಖರ ಕೆಲವು ಮಿಲಿಸೆಕೆಂಡಿನದ್ದು, ಪದ್ಯದ ಜೋರು ಇಡೀ ಸಾಲಿನುದ್ದಕ್ಕೆ ಇರುವಂಥದ್ದು. ಶಿಖರವನ್ನು ಮೂರು-ನಾಲ್ಕು ಡೆಸಿಬಲ್ ಸವರಿದರೂ ಪದ್ಯ ಮತ್ತು ಅರ್ಥದ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಅಂತರ ಮುಚ್ಚುವಷ್ಟು ಒತ್ತಿದರೆ ಚಂಡೆ ಚಂಡೆಯಾಗಿ ಉಳಿಯುವುದಿಲ್ಲ.

ಅಂತರವನ್ನು ಕೈಯಿಂದಲೇ ಮುಚ್ಚಬೇಕು, ಅದೂ ಇಕ್ವಲೈಸರ್, ಲಿಮಿಟರ್ ಎರಡಕ್ಕೂ ಮೊದಲು. ಅರ್ಥದ ಭಾಗಗಳನ್ನು ಗುರುತಿಸಿ ಅವನ್ನು ಮಾತ್ರ 4 ಡೆಸಿಬಲ್ ಏರಿಸಿ. ಎಂಟನ್ನೂ ಮುಚ್ಚಬೇಡಿ. ಪದ್ಯ ಎದ್ದು ಮಾತು ಇಳಿಯುವುದು ತಾಳಮದ್ದಲೆಯ ಉಸಿರಾಟ, ಅದನ್ನು ಅಳಿಸಿದರೆ ಎರಡು ಗಂಟೆ ಒಂದೇ ಮಟ್ಟದ ಸದ್ದು ಕೇಳಿ ಕಿವಿ ದಣಿಯುತ್ತದೆ. ಈಗ ಪದ್ಯ ಮೈನಸ್ 20, ಅರ್ಥ ಮೈನಸ್ 24, ಒಟ್ಟು ಸರಾಸರಿ ಸುಮಾರು ಮೈನಸ್ 21.5.

ಏರಿಸುವಾಗ ಮಲೆನಾಡಿಗೇ ವಿಶೇಷವಾದ ಒಂದು ತೊಡಕು ಎದುರಾಗುತ್ತದೆ, ಮಳೆ. ಮಾತಿನ ಹಿಂದೆ ಹಂಚಿನ ಮೇಲೆ ಬೀಳುತ್ತಿರುವ ಮಳೆಯ ಸದ್ದು ಇದ್ದೇ ಇರುತ್ತದೆ. ತಗಡಿನ ಮಾಡಾದರೆ ಕೇಳುವುದೇ ಬೇಡ. ಮಾತನ್ನು 4 ಡೆಸಿಬಲ್ ಏರಿಸಿದರೆ ಮಳೆಯೂ ಅಷ್ಟೇ ಏರುತ್ತದೆ. ಪದ್ಯ ಮುಗಿದು ಅರ್ಥ ಶುರುವಾಗುವ ಜಾಗದಲ್ಲಿ ಮಳೆ ತಟ್ಟನೆ ಜೋರಾದಂತೆ ಕೇಳಿದರೆ ಕತ್ತರಿ ಹಾಕಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಪದ್ಯದ ಕೊನೆಗೆ ಮದ್ದಲೆಯ ಮುಕ್ತಾಯದ ಪೆಟ್ಟುಗಳು ಬೀಳುತ್ತವಲ್ಲ, ಏರಿಕೆಯನ್ನು ಅದರ ಅಡಿಯಲ್ಲಿ ಎರಡು-ಮೂರು ಸೆಕೆಂಡುಗಳಷ್ಟು ಉದ್ದಕ್ಕೆ ನಿಧಾನವಾಗಿ ಎಳೆಯಿರಿ. ಮದ್ದಲೆಯ ನಾದ ಮಳೆಯ ಬದಲಾವಣೆಯನ್ನು ಮುಚ್ಚುತ್ತದೆ. ಅರ್ಥ ಮುಗಿದು ಪದ್ಯ ಏಳುವಾಗಲೂ ಇಳಿಕೆಯನ್ನು ಭಾಗವತರ ಮೊದಲ ಸ್ವರದೊಳಗೇ ಅಡಗಿಸಬೇಕು, ಅದಕ್ಕೂ ಮೊದಲಿನ ಮೌನದಲ್ಲಿ ಅಲ್ಲ.

ಮಳೆಯನ್ನು ಇಕ್ವಲೈಸರಿನಿಂದ ತೆಗೆಯಬಹುದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಮಳೆಯ ಸದ್ದು ಒಂದು ಸ್ವರದಲ್ಲಿ ಕೂತಿಲ್ಲ, ಅಗಲವಾಗಿ ಹರಡಿಕೊಂಡಿದೆ. ಅದರ ಸುಯ್ಯೆನ್ನುವ ಭಾಗ ಇರುವ 4,000ದಿಂದ 8,000 ಹರ್ಟ್ಸ್ ನಡುವೆಯೇ ಸ, ಶ, ಚ ಅಕ್ಷರಗಳ ಮೊನೆ ಇದೆ. ಅಲ್ಲಿ 6 ಡೆಸಿಬಲ್ ಕತ್ತರಿಸಿದರೆ ಮಳೆ ದೂರ ಹೋಗುತ್ತದೆ, ಜತೆಗೆ ಅರ್ಥಧಾರಿ ಕಂಬಳಿ ಹೊದ್ದು ಮಾತಾಡಿದ ಹಾಗಾಗುತ್ತದೆ. ಮೈಕನ್ನು ಬಾಯಿಗೆ ಹತ್ತಿರ ಇಟ್ಟಿದ್ದರೆ ಇಲ್ಲದ ಸಮಸ್ಯೆ ಇದು, ಈ ಹಂತದಲ್ಲಿ ಅದಕ್ಕೆ ಪೂರ್ತಿ ಮದ್ದಿಲ್ಲ. ಆಷಾಢದ ತಾಳಮದ್ದಲೆಯಲ್ಲಿ ಸ್ವಲ್ಪ ಮಳೆ ಕೇಳಿದರೆ ನನಗಂತೂ ಕೊರತೆ ಎನ್ನಿಸುವುದಿಲ್ಲ.

ಇಕ್ವಲೈಸರ್ ಮಾಡಬಹುದಾದ ಕೆಲಸ ಬೇರೆ ಇದೆ. ಮೊದಲನೆಯದು ತಳ ತೆಗೆಯುವುದು. ಮರದ ಅಟ್ಟಣೆಯ ಮೇಲೆ ಕಾಲು ಬದಲಿಸಿದ ದಡಬಡ, ಗಾಳಿ ಮೈಕಿಗೆ ತಾಗಿದ ಗುಮ್ಮೆನ್ನುವಿಕೆ, ಕರೆಂಟಿನ 50 ಹರ್ಟ್ಸ್ ಗುಂಯ್ ಇವೆಲ್ಲ ತಳದಲ್ಲಿವೆ, ಅಲ್ಲಿ ಭಾಗವತರ ಕಂಠ ಇಲ್ಲ. 80 ಹರ್ಟ್ಸಿನಿಂದ ಕೆಳಗೆ, ಪ್ರತಿ ಅಷ್ಟಕಕ್ಕೆ 24 ಡೆಸಿಬಲ್ ಕಡಿದಾಗಿ ಇಳಿಸಿದರೆ 50 ಹರ್ಟ್ಸಿನ ಗುಂಯ್ ಸುಮಾರು 16 ಡೆಸಿಬಲ್ ತಗ್ಗುತ್ತದೆ. ಅದೇ ಗುಂಯ್‌ನ 100, 150ರ ಮರಿಗಳು ಉಳಿಯುತ್ತವೆ. ಅವನ್ನು ಸೂಜಿಯಂಥ ಕಿರಿದಾದ ಕಡಿತದಿಂದ ತೆಗೆಯಬಹುದು. ಆದರೆ ಮದ್ದಲೆಯ ತುಂಬು ನಾದವೂ ಅಲ್ಲೇ ಇರುವುದರಿಂದ ಕಡಿತ ಅಗಲವಾಗಬಾರದು. ಮಳೆಗಾಲದಲ್ಲಿ ಕರೆಂಟು ಹೋಗಿ ಜನರೇಟರ್ ಓಡಿಸಿದ್ದರೆ ಗುಂಯ್ ಒಂದೇ ಜಾಗದಲ್ಲಿ ನಿಲ್ಲುವುದೂ ಇಲ್ಲ. ಹೊರೆ ಬದಲಾದಂತೆ ಅದು ಆಚೀಚೆ ಜಾರುತ್ತದೆ, ಸೂಜಿ ಗುರಿ ತಪ್ಪುತ್ತದೆ. ಅಂಥ ಕಡೆ ತಳ ತೆಗೆಯುವುದರಲ್ಲಿಯೇ ತೃಪ್ತಿಪಡಬೇಕು.

ಎರಡನೆಯದು ಕೋಣೆಯ ಡಬ್ಬಿ ಸದ್ದು, 250ರಿಂದ 400 ಹರ್ಟ್ಸ್ ನಡುವೆ. ಸಿಮೆಂಟು ಗೋಡೆಯ ಸಭಾಭವನದಲ್ಲಿ ಇದು ಹೆಚ್ಚು, ಮರದ ಕಂಬ-ತೊಲೆಗಳ ಹಳೇ ಮನೆಯಲ್ಲಿ ಕಡಿಮೆ. ಅಗಲವಾಗಿ 2 ಡೆಸಿಬಲ್ ಇಳಿಸಿದರೆ ಮಾತು ಗೋಡೆ ಬಿಟ್ಟು ಮುಂದೆ ಬಂದಂತಾಗುತ್ತದೆ. ಇಲ್ಲಿ ನೆನಪಿಡಬೇಕಾದ್ದು, ಮಾಸ್ಟರಿಂಗಿನಲ್ಲಿ ಮಾಡುವ ಯಾವ ತಿದ್ದುಪಡಿಯೂ ಒಬ್ಬರಿಗೆ ಮಾತ್ರ ತಾಗುವುದಿಲ್ಲ. ತಾಳದ ಕಿಣಿಕಿಣಿ ಚುಚ್ಚುತ್ತದೆಂದು 3,500 ಹರ್ಟ್ಸ್ ಇಳಿಸಿದರೆ ಚಂಡೆಯ ಮೊನೆಯೂ ಮಾತಿನ ಸ್ಪಷ್ಟತೆಯೂ ಇಳಿಯುತ್ತವೆ. ಹಾಗಾಗಿ ಒಂದು-ಎರಡು ಡೆಸಿಬಲ್ ಒಳಗೆ ಇರಬೇಕು. ನಾಲ್ಕೈದು ಬೇಕೆನ್ನಿಸಿದರೆ ತಪ್ಪು ಮಿಕ್ಸಿಂಗಿನಲ್ಲಿದೆ, ಅಲ್ಲಿಗೇ ಹಿಂದಿರುಗಬೇಕು.

ಇನ್ನು ಲಿಮಿಟರ್. ನಮ್ಮ ತುಣುಕು ಮೈನಸ್ 21.5ರಲ್ಲಿದೆ. ಮಾತು ಹೆಚ್ಚಿರುವ ಇಂಥ ಕಾರ್ಯಕ್ರಮಕ್ಕೆ ಮೈನಸ್ 16 ಸರಿಯಾದ ಗುರಿ, ಅಂದರೆ 5.5 ಏರಿಸಬೇಕು. ಆಗ ಮೈನಸ್ 3ರಲ್ಲಿದ್ದ ಚಂಡೆಯ ಶಿಖರ ಪ್ಲಸ್ 2.5ಕ್ಕೆ ಹೋಗಲು ನೋಡುತ್ತದೆ. ಡಿಜಿಟಲ್ ಫೈಲಿನಲ್ಲಿ ಸೊನ್ನೆಯ ಮೇಲೆ ಜಾಗವಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಟೇಪು ಇಂಥ ಪೆಟ್ಟನ್ನು ತಾನೇ ಮೆತ್ತಗೆ ದುಂಡು ಮಾಡಿಕೊಳ್ಳುತ್ತಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಕ್ಯಾಸೆಟ್ಟಿನಲ್ಲಿ ಕೇಳಿದವರಿಗೆ ಆ ಬೆಚ್ಚಗಿನ ಸದ್ದು ನೆನಪಿರುತ್ತದೆ. ಡಿಜಿಟಲ್ಲಿನಲ್ಲಿ ಆ ದಾಕ್ಷಿಣ್ಯ ಇಲ್ಲ, ಸೊನ್ನೆ ಮುಟ್ಟಿದ ಅಲೆಯ ತಲೆ ನೇರ ಕತ್ತರಿಸಿಹೋಗುತ್ತದೆ, ಪಟ್ ಎಂದು ಕೇಳುತ್ತದೆ. ಹಳೇ ಮನೆಯ ಗಿಡ್ಡ ಬಾಗಿಲಲ್ಲಿ ಎತ್ತರದವರು ತಲೆ ತಗ್ಗಿಸಿ ದಾಟುತ್ತಾರಲ್ಲ, ಲಿಮಿಟರ್ ಮಾಡಿಸುವುದು ಅದನ್ನು. ಪೆಟ್ಟು ಬರುವುದನ್ನು ಕೆಲವು ಮಿಲಿಸೆಕೆಂಡ್ ಮೊದಲೇ ನೋಡಿ, ಒಟ್ಟು ಸದ್ದನ್ನು ಕ್ಷಣಕಾಲ ತಗ್ಗಿಸಿ, ಪೆಟ್ಟು ದಾಟಿದ ಮೇಲೆ ಮತ್ತೆ ಬಿಡುತ್ತದೆ.

ಬಾಗಿಲಿನ ಮೇಲುಚೌಕಟ್ಟು ಎಲ್ಲಿರಬೇಕು ಎಂಬುದೇ ಸೀಲಿಂಗ್. ಸೊನ್ನೆಗೇ ಇಟ್ಟರಾಗದೇ? ಆಗದಿರುವುದಕ್ಕೆ ಎರಡು ಕಾರಣ. ಫೈಲಿನಲ್ಲಿರುವುದು ಸೆಕೆಂಡಿಗೆ 48,000 ಬಿಂದುಗಳು, ಸ್ಪೀಕರಿಗೆ ಹೋಗುವುದು ಆ ಬಿಂದುಗಳನ್ನು ಸೇರಿಸಿ ಎಳೆದ ನುಣುಪಾದ ಅಲೆ. ಎರಡು ಬಿಂದುಗಳ ನಡುವೆ ಅಲೆ ಬಿಂದುಗಳಿಗಿಂತ ಮೇಲೆ ಏರಬಹುದು. ಬಿಂದುಗಳನ್ನಷ್ಟೇ ನೋಡುವ ಮೀಟರಿಗೆ ಅದು ಕಾಣುವುದಿಲ್ಲ. True Peak ಎಂಬ ಅಳತೆ ಈ ನಡುವಿನ ಏರಿಕೆಯನ್ನೂ ಲೆಕ್ಕ ಹಾಕುತ್ತದೆ. ಎರಡನೆಯ ಕಾರಣ, ಫೈಲು ಎಂಪಿ3ಗೋ ಎಎಸಿಗೋ ಕುಗ್ಗುವಾಗ ಅಲೆಯ ಆಕಾರ ಚೂರು ಬದಲಾಗುತ್ತದೆ, ಚಂಡೆಯಂಥ ಹರಿತ ಪೆಟ್ಟಿನಲ್ಲಿ ಶಿಖರ ಮೊದಲಿಗಿಂತ ಮೇಲೇಳುತ್ತದೆ. ಇವೆರಡಕ್ಕೂ ಜಾಗ ಬಿಟ್ಟು ಸೀಲಿಂಗನ್ನು ಮೈನಸ್ 1ಕ್ಕೆ, True Peak ಆಯ್ಕೆ ಹಾಕಿ ಇಡುವುದು ವಾಡಿಕೆ. ಸ್ಪಾಟಿಫೈ ಕೇಳುವುದೂ ಅದನ್ನೇ, ಫೈಲು ಮೈನಸ್ 14ಕ್ಕಿಂತ ಜೋರಾಗಿದ್ದರೆ ಮೈನಸ್ 2 ಇಡಿ ಎನ್ನುತ್ತದೆ. ಕುಗ್ಗಿಸಿದ ಫೈಲನ್ನು ಮತ್ತೊಮ್ಮೆ ಮೇಲಿನ ಆಜ್ಞೆಯಿಂದ ಅಳೆದು ನೋಡಿ, ಶಿಖರ ಸೊನ್ನೆ ದಾಟಿದ್ದರೆ ಸೀಲಿಂಗನ್ನು ಇನ್ನರ್ಧ ಡೆಸಿಬಲ್ ಇಳಿಸಿ.

ಪ್ಲಸ್ 2.5ರ ಶಿಖರವನ್ನು ಮೈನಸ್ 1ಕ್ಕೆ ತರಲು ಲಿಮಿಟರ್ 3.5 ಡೆಸಿಬಲ್ ಸವರಬೇಕು. ಅತಿ ಜೋರಿನ ಪೆಟ್ಟುಗಳಲ್ಲಿ ಮಾತ್ರ ಇಷ್ಟು, ಉಳಿದಲ್ಲಿ ಸೂಜಿ ಅಲುಗಬಾರದು. ಇದು ಕಿವಿಗೆ ಗೊತ್ತಾಗದು. ಅದೇ "ಎಲ್ಲರದ್ದಕ್ಕಿಂತ ಜೋರಾಗಿ" ಎಂದು ಮೈನಸ್ 10ಕ್ಕೆ ಹೋದರೆ 11.5 ಏರಿಸಬೇಕು, 9.5 ಸವರಬೇಕು. ಆಗ ಚಂಡೆ ಬಿದ್ದಾಗಲೆಲ್ಲ ಭಾಗವತರ ಕಂಠ, ಶ್ರುತಿ, ಮಳೆ ಎಲ್ಲ ಒಟ್ಟಿಗೆ ಕುಸಿದು ಮತ್ತೆ ಉಬ್ಬುತ್ತವೆ. ಶ್ರುತಿಯ ಎಳೆ ಒಂದೇ ಸಮ ಇರಬೇಕಾದ್ದರಿಂದ ಅದರಲ್ಲಿ ಈ ಉಬ್ಬರವಿಳಿತ ಬೇಗ ತಿಳಿಯುತ್ತದೆ, ಅದನ್ನೇ ಕೇಳುತ್ತ ಕೂತರೆ ಬೇರೆ ಪರೀಕ್ಷೆ ಬೇಡ. ಇಷ್ಟೆಲ್ಲ ಮಾಡಿ ಯೂಟ್ಯೂಬಿಗೆ ಹಾಕಿದರೆ ಅದು ಮೈನಸ್ 14ರ ಸುತ್ತ ತಂದು 4 ಡೆಸಿಬಲ್ ಇಳಿಸಿಬಿಡುತ್ತದೆ. ಮೆಲ್ಲಗಿದ್ದುದನ್ನು ಅದು ಏರಿಸುವುದಿಲ್ಲ, ಜೋರಾದುದನ್ನು ಮಾತ್ರ ತಗ್ಗಿಸುತ್ತದೆ. ಹಾಗಾಗಿ ಮೈನಸ್ 16ರ ಫೈಲಿಗಿಂತ ಉಳಿದ ಲಾಭ 2 ಡೆಸಿಬಲ್, ನಷ್ಟ ಚಂಡೆಯ ಜೀವ. ವಾಟ್ಸ್‌ಆ್ಯಪಿನಲ್ಲಿ ಇಂಥ ಸಮಮಾಡುವಿಕೆ ಇಲ್ಲದ್ದರಿಂದ ಅಲ್ಲಿ ಜೋರಿನ ಫೈಲು ಗೆದ್ದಂತೆ ಕಾಣುತ್ತದೆ. ಎರಡು ಗಂಟೆ ಕೇಳಬೇಕಾದ ಪ್ರಸಂಗಕ್ಕೆ ಆ ಗೆಲುವು ಯಾಕೆ ಬೇಕೋ ನನಗೆ ತಿಳಿಯದು.

ಲಿಮಿಟರಿನ ಇನ್ನೊಂದು ಗುಂಡಿ Release, ಅಂದರೆ ತಗ್ಗಿಸಿದ್ದನ್ನು ಎಷ್ಟು ಬೇಗ ಬಿಡಬೇಕು ಎಂಬುದು. ಚಂಡೆ ದ್ರುತದಲ್ಲಿ ಸೆಕೆಂಡಿಗೆ ಎಂಟು ಪೆಟ್ಟು ಬಿದ್ದರೆ ಪೆಟ್ಟಿನಿಂದ ಪೆಟ್ಟಿಗೆ 125 ಮಿಲಿಸೆಕೆಂಡ್. Release 300 ಇಟ್ಟರೆ ಲಿಮಿಟರ್ ಬಿಡುವಷ್ಟರಲ್ಲಿ ಮುಂದಿನ ಪೆಟ್ಟು ಬಂದಿರುತ್ತದೆ, ಭಾಗವತರ ಕಂಠ ಇಡೀ ಸಾಲಿನುದ್ದ ಕೆಳಗೇ ಉಳಿಯುತ್ತದೆ. ಹಾಗೆಂದು 10ಕ್ಕೆ ಇಳಿಸಿದರೆ ಬೇರೆ ತಾಪತ್ರಯ. ಮದ್ದಲೆಯ 100 ಹರ್ಟ್ಸಿನ ಒಂದು ಅಲೆಗೇ 10 ಮಿಲಿಸೆಕೆಂಡ್ ಬೇಕು, ಲಿಮಿಟರ್ ಆ ಅಲೆಯ ಜತೆಗೇ ಏರಿಳಿದು ಅದರ ಆಕಾರವನ್ನು ಕೆಡಿಸುತ್ತದೆ, ಮದ್ದಲೆ ಗೊರಗೊರ ಎನ್ನುತ್ತದೆ. 50ರಿಂದ 100ರ ನಡುವೆ ಎರಡೂ ದೋಷ ತಪ್ಪುತ್ತವೆ.

ಲಿಮಿಟರ್ ಸರಪಳಿಯ ಕೊನೆಯಲ್ಲೇ ಇರಬೇಕು. ಅದರ ನಂತರ ಇಕ್ವಲೈಸರ್ ಇಟ್ಟರೆ, ಇಳಿಸುವ ತಿದ್ದುಪಡಿಯೇ ಆದರೂ, ಅಲೆಗಳ ಹೊಂದಾಣಿಕೆ ಬದಲಾಗಿ ಶಿಖರ ಮತ್ತೆ ಸೀಲಿಂಗ್ ದಾಟಬಹುದು. 48,000ದಿಂದ 44,100ಕ್ಕೆ ಬದಲಿಸುವುದಿದ್ದರೂ ಲಿಮಿಟರಿಗೆ ಮೊದಲೇ ಆಗಲಿ.

ಇಷ್ಟು ಮಾಡಿ ಮೂಲ ಫೈಲಿನ ಜತೆ ಹೋಲಿಸಿ ಕೇಳುವಾಗ ಹೊಸದನ್ನು 6.4 ಡೆಸಿಬಲ್ ತಗ್ಗಿಸಿಯೇ ಕೇಳಬೇಕು. ಜೋರಾದುದೆಲ್ಲ ಕಿವಿಗೆ ಚೆನ್ನಾಗಿ ಕೇಳುತ್ತದೆ, ಸಮಜೋರಿನಲ್ಲಿ ಕೇಳಿದಾಗಲೇ ನಾವು ಸುಧಾರಿಸಿದ್ದೇವೋ ಬರೇ ಏರಿಸಿದ್ದೇವೋ ಎಂಬುದು ಬಯಲಾಗುತ್ತದೆ.

ಆಮೇಲೆ ಹೊರಗೆ ತೆಗೆದುಕೊಂಡು ಹೋಗಬೇಕು. ಮೊದಲು ಇಯರ್‌ಫೋನ್. ಕತ್ತರಿಸಿ ಜೋಡಿಸಿದ ಜಾಗ, ಮಳೆಯ ಏರಿಳಿತ, ಗುಂಯ್ ಮೂರೂ ಇದರಲ್ಲಿ ಸಿಕ್ಕಿಬೀಳುತ್ತವೆ. ನಂತರ ಮೇಜಿನ ಮೇಲಿಟ್ಟ ಫೋನಿನ ಸ್ಪೀಕರ್, ಅರ್ಧ ವಾಲ್ಯೂಮಿನಲ್ಲಿ. ಅದರಲ್ಲಿ ಮದ್ದಲೆಯ ತುಂಬು ನಾದ ಮಾಯವಾಗಿ ಬೆರಳಿನ ತಟ್ಟು ಮಾತ್ರ ಉಳಿಯುತ್ತದೆ. ಇದನ್ನು ಸರಿಪಡಿಸಲು ತಳ ಏರಿಸುವುದು ವ್ಯರ್ಥ. ಫೋನು ಅದನ್ನು ನುಡಿಸಲಾರದು, ಆದರೆ ಏರಿಸಿದ ತಳ ಲಿಮಿಟರಿಗೆ ಮಾತ್ರ ತಪ್ಪದೆ ಹೊಡೆಯುತ್ತದೆ. ಫೋನಿನಲ್ಲಿ ಕೇಳಬೇಕಾದ್ದು ಅರ್ಥದ ಪ್ರತಿ ಪದ ಹಿಡಿಯುತ್ತದೆಯೇ, ತಾಳ ಚುಚ್ಚುತ್ತದೆಯೇ ಎಂಬುದು.

ಕಾರಿನ ಪರೀಕ್ಷೆಯನ್ನು ನಿಂತ ಕಾರಿನಲ್ಲಿ ಮಾಡಿದರೆ ಅರ್ಧವೇ ಆಯಿತು. ಸಾಗರದಿಂದ ಹೊಸನಗರಕ್ಕೋ ಅಲ್ಲಿಂದ ತೀರ್ಥಹಳ್ಳಿಗೋ ಹೋಗುವಾಗ, ತಿರುವಿನ ದಾರಿಯಲ್ಲಿ ಗೇರ್ ಬದಲಾಗುತ್ತ, ವೈಪರ್ ಓಡುತ್ತ ಇರುವಾಗ, ವಾಲ್ಯೂಮಿಗೆ ಕೈ ಹಾಕದೆ ಒಂದು ಪದ್ಯ ಮತ್ತು ಅದರ ಅರ್ಥ ಎರಡನ್ನೂ ಕೇಳಲು ಆಗುತ್ತದೆಯೇ ನೋಡಬೇಕು. ಮತ್ತೊಬ್ಬರು ಓಡಿಸಲಿ, ಕೇಳುವವರು ಪಕ್ಕದಲ್ಲಿ ಕೂರಲಿ. ಕೈ ತಾನಾಗಿ ಗುಂಡಿಗೆ ಹೋದರೆ ಅರ್ಥವನ್ನು ಇನ್ನೊಂದು ಡೆಸಿಬಲ್ ಏರಿಸಬೇಕಾಗಿದೆ ಎಂದು ತಿಳಿಯಬೇಕು.

ಕೊನೆಯದು ಹಾರ್ನ್ ಸ್ಪೀಕರ್. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಸಾಗರದ ಮಾರಿಕಾಂಬಾ ಜಾತ್ರೆಯಂಥ ಕಡೆ ಮರಕ್ಕೆ ಕಟ್ಟಿದ ಹಾರ್ನಿನಲ್ಲಿ ಎಡ-ಬಲ ಇಲ್ಲ, ಎರಡೂ ಸೇರಿ ಒಂದೇ ಆಗುತ್ತದೆ. ಎರಡು ಮೈಕನ್ನು ದೂರದೂರ ಇಟ್ಟು ಹಿಡಿದ ರೆಕಾರ್ಡಿಂಗಿನಲ್ಲಿ ಒಂದೇ ಧ್ವನಿ ಎರಡಕ್ಕೂ ಬೇರೆಬೇರೆ ಹೊತ್ತಿಗೆ ತಲುಪಿರುತ್ತದೆ. ಸೇರಿಸಿದಾಗ ಕೆಲವು ಸ್ವರಗಳು ಒಂದನ್ನೊಂದು ಅಳಿಸಿ ಕಂಠ ಟೊಳ್ಳಾಗುತ್ತದೆ. ಜಾತ್ರೆಗೆ ಕಾಯಬೇಕಿಲ್ಲ, ಮನೆಯಲ್ಲೇ ಮೋನೋ ಗುಂಡಿ ಒತ್ತಿ ಕೇಳಿದರೆ ತಿಳಿಯುತ್ತದೆ. ಟೊಳ್ಳಾಗಿದ್ದರೆ ಇಕ್ವಲೈಸರ್ ಅದನ್ನು ತುಂಬಲಾರದು. ಜಾತ್ರೆಗೆ ಕೊಡುವ ಪ್ರತಿಗೆ ಎರಡು ಮೈಕಿನಲ್ಲಿ ಚೆನ್ನಾಗಿರುವ ಒಂದನ್ನೇ ಬಳಸುವುದು ಮೇಲು.

ಪ್ರತಿ ಸ್ಪೀಕರಿನಲ್ಲಿ ಕೇಳಿದ್ದನ್ನು ಬರೆದುಕೊಳ್ಳಿ, ಕೇಳುತ್ತ ಕೇಳುತ್ತಲೇ ತಿದ್ದಬೇಡಿ. ನಮ್ಮ ತುಣುಕಿನಲ್ಲಿ ಕಾರಿನಲ್ಲಿ ಮಾತ್ರ ಮದ್ದಲೆ ಗುಮ್ಮೆಂದಿದೆ, ಉಳಿದ ಕಡೆ ಸರಿ ಇದೆ ಎಂದಿಟ್ಟುಕೊಳ್ಳಿ. ಅದು ಆ ಕಾರಿನ ಗುಣ, ಬಿಡಬೇಕು. ಫೋನು, ಇಯರ್‌ಫೋನು ಎರಡರಲ್ಲೂ ತಾಳ ಚುಚ್ಚಿದೆ. ಎರಡು ಕಡೆ ಒಂದೇ ದೂರು ಬಂದರೆ ದೋಷ ಫೈಲಿನದ್ದು. ಆಗ 3,500 ಹರ್ಟ್ಸ್ ಸುತ್ತ 1.5 ಡೆಸಿಬಲ್ ಇಳಿಸಿ, ಮತ್ತೆ ಲಿಮಿಟರ್ ಮೂಲಕ ಹಾಯಿಸಿ, ಮತ್ತೆ ಅಳೆಯಬೇಕು. ಇಕ್ವಲೈಸರ್ ಬದಲಾದರೆ ಶಿಖರಗಳೂ ಬದಲಾಗುತ್ತವೆ, ಹಳೆಯ ಅಂಕಿಯನ್ನು ನಂಬುವಂತಿಲ್ಲ. ಆಮೇಲೆ ಫೋನಿನಲ್ಲಿ ಅರ್ಥದ ಮಾತು ಮಂಕಾಗಿದೆಯೇ ಎಂದು ಇನ್ನೊಮ್ಮೆ ಕೇಳಬೇಕು, ಯಾಕೆಂದರೆ ಇಳಿಸಿದ್ದು ತಾಳವನ್ನು ಮಾತ್ರ ಅಲ್ಲ.

ಹಂಚುವ ಫೈಲಿನ ಜತೆಗೆ ಇನ್ನೊಂದನ್ನು ತೆಗೆದಿಡಿ. ಅರ್ಥದ ಏರಿಕೆ, ಇಕ್ವಲೈಸರ್ ಎರಡೂ ಆಗಿ ಲಿಮಿಟರ್ ಇನ್ನೂ ತಾಗದ 24 ಬಿಟ್ಟಿನ ಪ್ರತಿ ಅದು. ಲಿಮಿಟರ್ ಸವರಿದ ಪೆಟ್ಟನ್ನು ಆಮೇಲೆ ಯಾರೂ ಮರಳಿ ತರಲಾರರು. ನಾಳೆ ಬೇರೆ ಮಾಧ್ಯಮ ಬಂದು ಬೇರೆ ಅಳತೆ ಕೇಳಿದರೆ, ಶುರು ಮಾಡಬೇಕಾದ್ದು ಆ ಪ್ರತಿಯಿಂದ. ಫೈಲಿನ ಹೆಸರಿನಲ್ಲೇ ಪ್ರಸಂಗ, ಊರು, ದಿನಾಂಕ, LUFS, ಸೀಲಿಂಗ್ ಬರೆದಿಟ್ಟರೆ ಮುಂದೆ ಅದನ್ನು ತೆರೆಯುವವರು ಮತ್ತೆ ಮೊದಲಿನಿಂದ ಅಳೆಯಬೇಕಾಗುವುದಿಲ್ಲ.